‘ಮೂವರು ಸ್ನೇಹಿತರ ಕೋಡ್ ಇದ್ದರೆ ಹ್ಯಾಕ್ ಆದ ಖಾತೆ ವಾಪಸ್’: ಈ ಫಾರ್ವರ್ಡ್ ಎಷ್ಟು ನಿಜ?

“ಫೇಸ್‌ಬುಕ್ ಖಾತೆ ಹ್ಯಾಕ್ ಆಗಿದೆಯೇ? ಹೆದರಬೇಡಿ. ಮೂವರು ನಂಬಿಕಸ್ಥ ಸ್ನೇಹಿತರಿಂದ ಕೋಡ್ ಪಡೆದರೆ ಸಾಕು, ಐದೇ ನಿಮಿಷದಲ್ಲಿ ಖಾತೆ ನಿಮ್ಮದು.” ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದು ಪೂರ್ತಿ ಸುಳ್ಳಲ್ಲ. ಒಂದು ಕಾಲಕ್ಕೆ ನಿಜವಾಗಿದ್ದ ಮಾತು, ಈಗ ನಿಜವಲ್ಲ. ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಸ್ನೇಹಿತರಿಗೆ ಸಹಾಯ ಮಾಡಲು ಹೋಗಿ ನಮ್ಮದೇ ಖಾತೆ ಕಳೆದುಕೊಳ್ಳುವ ಅಪಾಯವಿದೆ.

ಆಗ ಹೇಗಿತ್ತು?

ಫೇಸ್‌ಬುಕ್ 2013ರಲ್ಲಿ Trusted Contacts ಎಂಬ ಸೌಲಭ್ಯ ತಂದಿತು. ನೀವು ಮೊದಲೇ ಮೂರರಿಂದ ಐದು ಸ್ನೇಹಿತರನ್ನು ಆರಿಸಿಡಬೇಕಿತ್ತು. ಮುಂದೊಂದು ದಿನ ಪಾಸ್‌ವರ್ಡ್ ಮರೆತು, ಇಮೇಲ್ ಮತ್ತು ಫೋನ್ ನಂಬರ್ ಕೂಡ ಕೈತಪ್ಪಿದರೆ, ಆ ಸ್ನೇಹಿತರಿಗೆ ನೀವೇ ಕರೆ ಮಾಡುತ್ತಿದ್ದಿರಿ. ಅವರು ತಮ್ಮ ಖಾತೆಯಲ್ಲಿ ಒಂದು ಲಿಂಕ್ ತೆರೆದರೆ ಕೋಡ್ ಕಾಣುತ್ತಿತ್ತು. ಹೀಗೆ ಮೂವರಿಂದ ಮೂರು ಕೋಡ್ ಸೇರಿಸಿದರೆ ಖಾತೆ ತೆರೆಯುತ್ತಿತ್ತು.

ಇಲ್ಲಿ ನಿಜವಾದ ಕಾವಲು ಕೋಡ್ ಅಲ್ಲ, ಸ್ನೇಹಿತರ ಕಿವಿ. ಕರೆ ಮಾಡಿದವರ ಧ್ವನಿ ಕೇಳಿ “ಹೌದು, ಇದು ನಮ್ಮ ಸವಿತಾನೇ” ಎಂದು ಗುರುತಿಸುವ ಕೆಲಸ ಅವರದಾಗಿತ್ತು. ಯಂತ್ರಕ್ಕೆ ಆಗದ ಪರಿಶೀಲನೆಯನ್ನು ಪರಿಚಿತರು ಮಾಡುತ್ತಿದ್ದರು.

ಫೇಸ್‌ಬುಕ್ ಈ ಸೌಲಭ್ಯವನ್ನು ನಿಲ್ಲಿಸಿಬಿಟ್ಟಿದೆ. ಹಾಗಾಗಿ ಫಾರ್ವರ್ಡ್ ಓದಿ ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಹುಡುಕಿದರೂ ಆ ಆಯ್ಕೆ ಸಿಗುವುದಿಲ್ಲ. ನಿಮ್ಮ ಫೋನ್ ಹಳೆಯದೆಂದೋ ಆ್ಯಪ್ ಅಪ್‌ಡೇಟ್ ಆಗಿಲ್ಲವೆಂದೋ ಅಂದುಕೊಳ್ಳಬೇಡಿ. ಹ್ಯಾಕ್ ಆದ ಫೇಸ್‌ಬುಕ್ ಖಾತೆಗೆ ಈಗಿರುವ ದಾರಿ facebook.com/hacked.

ಈಗ ಎಲ್ಲಿದೆ?

ಇದೇ ಯೋಚನೆ ಬೇರೆ ಕಡೆ ಬೇರೆ ರೂಪದಲ್ಲಿ ಇದೆ. ಆ್ಯಪಲ್ 2021ರಿಂದ, ಗೂಗಲ್ 2025ರಿಂದ ಇದನ್ನು ಕೊಡುತ್ತಿವೆ. ಎರಡೂ ಕಡೆ ಇದರ ಹೆಸರು Recovery contacts. ನಮ್ಮಲ್ಲಿ ಆಂಡ್ರಾಯ್ಡ್ ಫೋನ್ ಬಳಸುವವರೇ ಹೆಚ್ಚು, ಹಾಗಾಗಿ ಗೂಗಲ್‌ನ ಉದಾಹರಣೆಯನ್ನೇ ನೋಡೋಣ.

ಶಿವಮೊಗ್ಗದ ಸವಿತಾ ಎಂಬವರನ್ನು ಊಹಿಸಿಕೊಳ್ಳಿ. ಅವರು ಗೂಗಲ್ ಖಾತೆಯ Security ವಿಭಾಗಕ್ಕೆ ಹೋಗಿ ಮೈಸೂರಿನಲ್ಲಿರುವ ತಮ್ಮ ಕಿರಣನ ಹೆಸರು ಸೇರಿಸಿದ್ದರು, ಕಿರಣ ಅದನ್ನು ಒಪ್ಪಿಕೊಂಡಿದ್ದ. ಕೆಲವು ತಿಂಗಳ ಮೇಲೆ ಬಸ್ಸಿನಲ್ಲಿ ಸವಿತಾ ಅವರ ಫೋನ್ ಕಳೆಯಿತು. ಸಿಮ್ಮೂ ಅದರಲ್ಲೇ ಇದ್ದುದರಿಂದ ಒಟಿಪಿ ಬರುವ ದಾರಿ ಇಲ್ಲ, ಪಾಸ್‌ವರ್ಡೂ ನೆನಪಿಲ್ಲ.

ಅವರು ಮನೆಯ ಲ್ಯಾಪ್‌ಟಾಪ್‌ನಲ್ಲಿ ಖಾತೆ ಮರಳಿ ಪಡೆಯುವ ಪುಟ ತೆರೆದು ಕಿರಣನ ಸಹಾಯ ಕೇಳುವ ಆಯ್ಕೆ ಒತ್ತಿದರು. ಪರದೆಯ ಮೇಲೆ ಒಂದು ಸಂಖ್ಯೆ ಬಂತು. ಪಕ್ಕದ ಮನೆಯವರ ಫೋನಿನಿಂದ ಕಿರಣನಿಗೆ ಕರೆ ಮಾಡಿದರು.

“ಅಕ್ಕ, ಇಲ್ಲಿ ಬೇರೆ ಬೇರೆ ನಂಬರ್ ತೋರಿಸ್ತಿದೆ. ನಿನ್ನ ಪರದೆ ಮೇಲಿರೋದು ಯಾವುದು?”

ಸವಿತಾ ಹೇಳಿದ ಸಂಖ್ಯೆಯನ್ನು ಕಿರಣ ತನ್ನ ಫೋನಿನಲ್ಲಿ ಆರಿಸಿದ. ಇದಕ್ಕೆ ಇರುವ ಸಮಯ 15 ನಿಮಿಷ ಮಾತ್ರ. ತಮ್ಮ ಆ ಹೊತ್ತಿಗೆ ಫೋನ್ ಎತ್ತದಿದ್ದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಕೆಲವು ಸಲ ಇಷ್ಟಾದ ಮೇಲೂ ಗೂಗಲ್ ಇನ್ನಷ್ಟು ಪರಿಶೀಲನೆ ಕೇಳಬಹುದು. ಗಮನಿಸಿ, ಕಿರಣನಿಗೆ ಅಕ್ಕನ ಮೇಲ್ ಆಗಲಿ ಫೋಟೊ ಆಗಲಿ ಎಲ್ಲೂ ಕಾಣುವುದಿಲ್ಲ. ಅವನು ಸಾಕ್ಷಿ ಮಾತ್ರ.

ನನಗೆ ಈ ಆಯ್ಕೆ ಯಾಕೆ ಕಾಣುತ್ತಿಲ್ಲ?

ಸಾಮಾನ್ಯ ಕಾರಣ ಒಂದೇ: ಖಾತೆ ನಿಮ್ಮ ಕೈಯಲ್ಲಿದ್ದಾಗ ನೀವು ಯಾರ ಹೆಸರನ್ನೂ ಸೇರಿಸಿರಲಿಲ್ಲ. ಲಾಕ್ ಆದ ಮೇಲೆ ಸೇರಿಸಲು ಬಿಡುವುದಿಲ್ಲ. ಇದು ಕಠಿಣ ಎನಿಸಬಹುದು. ಆದರೆ ಆಮೇಲೆ ಸೇರಿಸಲು ಬಿಟ್ಟರೆ ಕಳ್ಳನೂ ತನ್ನ ಗೆಳೆಯರನ್ನೇ ಸಾಕ್ಷಿಯಾಗಿ ನಿಲ್ಲಿಸುತ್ತಾನೆ.

ಎರಡನೆಯದು, ಖಾತೆಯ ಬಗೆ. ಕಚೇರಿ ಅಥವಾ ಕಾಲೇಜು ಕೊಟ್ಟ ಗೂಗಲ್ ಖಾತೆಗೆ ಮತ್ತು ಮಕ್ಕಳ ಖಾತೆಗೆ ಇದನ್ನು ಸೇರಿಸಲಾಗದು. ಕಚೇರಿ ಖಾತೆಯಾದರೆ ಅಲ್ಲಿನ ಐಟಿ ವಿಭಾಗವನ್ನೇ ಕೇಳಬೇಕು.

ಇನ್‌ಸ್ಟಾಗ್ರಾಂ ಕಥೆ ಸ್ವಲ್ಪ ಬೇರೆ. ಅಲ್ಲಿ ಲಾಕ್ ಆದ ಮೇಲೆಯೇ ಇಬ್ಬರು ಸ್ನೇಹಿತರನ್ನು ಆರಿಸಬಹುದು. ಅವರು 24 ಗಂಟೆಯೊಳಗೆ “ಹೌದು, ಇವರೇ” ಎಂದು ಖಚಿತಪಡಿಸಬೇಕು. ಆದರೆ ಈ ಆಯ್ಕೆ ಎಲ್ಲರಿಗೂ ಸಿಗುವುದಿಲ್ಲ. ಸಿಗದಿದ್ದವರು instagram.com/hacked ಪುಟದಿಂದಲೇ ಆರಂಭಿಸಬೇಕು.

ವಾಟ್ಸ್‌ಆ್ಯಪ್‌ನಲ್ಲಂತೂ ಸ್ನೇಹಿತರ ಕೋಡ್‌ನಿಂದ ಖಾತೆ ಮರಳಿ ಪಡೆಯುವ ವ್ಯವಸ್ಥೆಯೇ ಇಲ್ಲ. ಈ ಒಂದು ಸಾಲನ್ನು ನೆನಪಿಡಿ, ಮುಂದಿನ ಮೋಸ ನಿಂತಿರುವುದೇ ಇದರ ಮೇಲೆ.

ಮೋಸ ಎಲ್ಲಿ ನಡೆಯುತ್ತದೆ?

ಪರಿಚಿತರ ಖಾತೆಯಿಂದ ಮೆಸೇಜ್ ಬರುತ್ತದೆ: “ನನ್ನ ಖಾತೆ ಲಾಕ್ ಆಗಿದೆ, ನಿನ್ನನ್ನೇ ನಂಬಿಕಸ್ಥರ ಪಟ್ಟಿಯಲ್ಲಿ ಹಾಕಿದ್ದೆ. ನಿನಗೊಂದು ಕೋಡ್ ಬರುತ್ತೆ, ಬೇಗ ಕಳಿಸು.” ನಿಮಿಷದೊಳಗೆ ಕೋಡ್ ಬಂದೇಬಿಡುತ್ತದೆ. ಆ ಮೆಸೇಜ್ ಕಳಿಸಿದ್ದು ನಿಮ್ಮ ಸ್ನೇಹಿತರಲ್ಲ, ಅವರ ಖಾತೆ ಕದ್ದವನು. ಅವನು ನಿಮ್ಮ ಹೆಸರಿನಲ್ಲಿ “ಪಾಸ್‌ವರ್ಡ್ ಮರೆತಿದ್ದೇನೆ” ಎಂದು ಒತ್ತಿದ್ದಾನೆ, ಇಲ್ಲವೇ ನಿಮ್ಮ ನಂಬರನ್ನು ತನ್ನ ಫೋನಿನ ವಾಟ್ಸ್‌ಆ್ಯಪ್‌ಗೆ ಹಾಕಿದ್ದಾನೆ. ಬಂದಿರುವುದು ನಿಮ್ಮ ಖಾತೆಯ ಕೀಲಿ. ಫೇಸ್‌ಬುಕ್‌ನಲ್ಲಿ ಆ ಸೌಲಭ್ಯ ಇದ್ದಾಗಲೇ, 2017ರಲ್ಲಿ, ಆಕ್ಸೆಸ್ ನೌ ಎಂಬ ಸಂಸ್ಥೆ ಈ ತಂತ್ರದ ಬಗ್ಗೆ ಎಚ್ಚರಿಸಿತ್ತು.

ಗುರುತಿಸುವುದು ಕಷ್ಟವಲ್ಲ. ಗೂಗಲ್‌ನಲ್ಲಿ ನೀವು ಸಾಕ್ಷಿಯಾಗಬೇಕಾದರೆ ಮೊದಲೇ ನಿಮ್ಮನ್ನು ಕೇಳಿರುತ್ತಾರೆ, ನೀವು ಒಪ್ಪಿರುತ್ತೀರಿ. ಒಪ್ಪಿದ ನೆನಪೇ ಇಲ್ಲವೆಂದರೆ ಅಲ್ಲೇ ನಿಲ್ಲಿಸಿ. ನಿಮ್ಮ ನಂಬರಿಗೆ ಎಸ್‌ಎಂಎಸ್ ಮೂಲಕ ಬಂದ ಕೋಡ್ ನಿಮ್ಮದೇ ಖಾತೆಯದು ಎಂದು ತಿಳಿಯಿರಿ, ಅದನ್ನು ಯಾರಿಗೂ ಕಳಿಸಬೇಡಿ. ಕೊನೆಗೆ, ಚಾಟ್‌ನಲ್ಲಿ ಉತ್ತರಿಸುವ ಬದಲು ಆ ಸ್ನೇಹಿತರ ನಂಬರಿಗೆ ಕರೆ ಮಾಡಿ ಧ್ವನಿ ಕೇಳಿ.

ವಾಟ್ಸ್‌ಆ್ಯಪ್ ಕೋಡ್ ಈಗಾಗಲೇ ಕೊಟ್ಟುಬಿಟ್ಟಿದ್ದರೆ ನಿಮ್ಮ ಫೋನಿನಲ್ಲಿ ಅದೇ ನಂಬರಿನಿಂದ ತಕ್ಷಣ ಮತ್ತೆ ನೋಂದಾಯಿಸಿ, ಕಳ್ಳ ಹೊರಬೀಳುತ್ತಾನೆ. ನಿಮಗೆ ಗೊತ್ತಿಲ್ಲದ ಪಿನ್ ಕೇಳಿದರೆ ಅದನ್ನು ಕಳ್ಳ ಹಾಕಿದ್ದಾನೆ ಎಂದರ್ಥ. ಆಗ ಪಿನ್ ಇಲ್ಲದೆ ಒಳಹೋಗಲು 7 ದಿನ ಕಾಯಬೇಕು. ಆದರೆ ಎಸ್‌ಎಂಎಸ್ ಕೋಡ್ ಹಾಕಿದ ಕ್ಷಣವೇ ಅವನಂತೂ ಹೊರಗಿರುತ್ತಾನೆ. ನಿಮ್ಮ ಹೆಸರಿನಲ್ಲಿ ಯಾರಾದರೂ ದುಡ್ಡು ಕಳಿಸಿದ್ದರೆ ಅವರು ಕೂಡಲೇ 1930ಕ್ಕೆ ಕರೆ ಮಾಡಲಿ.

ಆ ಹಳೆಯ ಫಾರ್ವರ್ಡ್ ಮತ್ತೆ ಗ್ರೂಪಿಗೆ ಬಂದರೆ ಕೆಳಗೆ ಇಷ್ಟು ಬರೆಯಿರಿ: “ಫೇಸ್‌ಬುಕ್‌ನಲ್ಲಿ ಇದು ನಿಂತುಹೋಗಿದೆ. ಕೋಡ್ ಕೇಳಿದರೆ ಮೊದಲು ಫೋನ್ ಮಾಡಿ.”