ಕಳೆದುಕೊಂಡ ಮೇಲೆ ಸಿಗುವ ಪಟ್ಟ

ಪಶ್ಚಿಮ ಘಟ್ಟ ಜೀವವೈವಿಧ್ಯದ ಹಾಟ್‌ಸ್ಪಾಟ್ ಎಂದು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುವುದುಂಟು. ಆದರೆ ಈ ಪಟ್ಟ ಬರಿಯ ಶ್ರೀಮಂತಿಕೆಗೆ ಸಿಗುವುದಿಲ್ಲ. ಅಮೆಜಾನಿನ ಮಹಾರಣ್ಯ ಈ ಪಟ್ಟಿಯಲ್ಲಿಲ್ಲ, ಏಕೆಂದರೆ ಅಲ್ಲಿ ಇನ್ನೂ ಬಹಳ ಕಾಡು ಉಳಿದಿದೆ.

ಈ ಪರಿಕಲ್ಪನೆಯನ್ನು 1988ರಲ್ಲಿ ಮುಂದಿಟ್ಟವರು ಬ್ರಿಟನ್ನಿನ ಪರಿಸರ ವಿಜ್ಞಾನಿ ನಾರ್ಮನ್ ಮೈಯರ್ಸ್. ಸಂರಕ್ಷಣೆಗೆ ಸಿಗುವ ಹಣ ಯಾವಾಗಲೂ ಕಡಿಮೆ. ಅದನ್ನು ಎಲ್ಲಿ ಹಾಕಿದರೆ ಹೆಚ್ಚು ಜೀವಿಗಳು ಉಳಿದಾವು ಎಂಬುದು ಅವರ ಪ್ರಶ್ನೆಯಾಗಿತ್ತು. 2000ದಲ್ಲಿ ಅವರೂ ಸಂಗಡಿಗರೂ ಅದಕ್ಕೆ ಎರಡು ಖಚಿತ ಅಳತೆಗಳನ್ನು ಕೊಟ್ಟರು. ಜಗತ್ತಿನ ಬೇರೆಲ್ಲೂ ಸಿಗದ, ಆ ಪ್ರದೇಶಕ್ಕಷ್ಟೇ ಸೀಮಿತವಾದ ಸಸ್ಯಜಾತಿಗಳು ಕನಿಷ್ಠ 1,500 ಇರಬೇಕು. ಜೊತೆಗೆ ಮೂಲ ಸಸ್ಯಸಂಪತ್ತಿನಲ್ಲಿ ಶೇ 70ರಷ್ಟಾದರೂ ಆಗಲೇ ನಾಶವಾಗಿರಬೇಕು. ಎರಡರಲ್ಲಿ ಒಂದು ತಪ್ಪಿದರೂ ಪಟ್ಟವಿಲ್ಲ.

ಆಗ ಪಟ್ಟಿಯಲ್ಲಿದ್ದವು 25 ಪ್ರದೇಶಗಳು, ಈಗ 36. ಪಶ್ಚಿಮ ಘಟ್ಟವನ್ನೂ ಶ್ರೀಲಂಕಾವನ್ನೂ ಸೇರಿಸಿ ಒಂದೇ ಪ್ರದೇಶವೆಂದು ಎಣಿಸಲಾಗಿದೆ. 2000ದ ಲೆಕ್ಕದಂತೆ ಇಲ್ಲಿಗಷ್ಟೇ ಸೀಮಿತವಾದ ಸಸ್ಯಗಳು 2,180. ಮೂಲತಃ 1,82,500 ಚದರ ಕಿ.ಮೀ. ಹರಡಿದ್ದ ಸಹಜ ಕಾಡಿನಲ್ಲಿ ಕೆಡದೆ ಉಳಿದಿದ್ದುದು 12,450 ಚದರ ಕಿ.ಮೀ., ಅಂದರೆ ನೂರರಲ್ಲಿ ಏಳು ಪಾಲೂ ಇಲ್ಲ. ದೂರದಿಂದ ಕಾಣುವ ಹಸಿರು ಇಷ್ಟೊಂದಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಕಾಫಿ, ಚಹಾ, ರಬ್ಬರ್, ಅಕೇಶಿಯ ಎಲ್ಲವೂ ಹಸಿರೇ. ಈ ಲೆಕ್ಕಕ್ಕೆ ಮಾತ್ರ ಅವು ಬರುವುದಿಲ್ಲ.

ಒಂದು ಪ್ರದೇಶಕ್ಕಷ್ಟೇ ಸೀಮಿತವಾಗಿರುವುದು ಎಂದರೇನು ಎಂಬುದನ್ನು ತಿಳಿಯಲು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೆ ಹೋಗಬೇಕು. ಅಲ್ಲಿ ರಾಮಪತ್ರೆ ಜಡ್ಡಿಗಳಿವೆ. ಜಡ್ಡಿ ಎಂದರೆ ಗುಡ್ಡದ ಬುಡದ ತಗ್ಗಿನಲ್ಲಿ, ಸಣ್ಣ ಹಳ್ಳದ ಆಸುಪಾಸಿನಲ್ಲಿ ವರ್ಷವಿಡೀ ನೀರು ನಿಂತ ಕೆಸರುನೆಲ. ಬೇರಿಗೆ ಗಾಳಿ ಸಿಗದ ಇಂಥ ಕಡೆ ಹೆಚ್ಚಿನ ಮರಗಳು ಕೊಳೆತೇ ಹೋಗುತ್ತವೆ. ಜಾಯಿಕಾಯಿ ಕುಟುಂಬದ ಪಿಂಡಿ ಮರ ಮಾತ್ರ ಉಸಿರಾಡಲು ತನ್ನ ಬೇರನ್ನು ಮೊಣಕಾಲು ಮಡಿಸಿದಂತೆ ಕೆಸರಿನಿಂದ ಮೇಲಕ್ಕೆತ್ತುತ್ತದೆ. ಅದರ ಸಂಬಂಧಿಯಾದ ಇನ್ನೊಂದು ಮರ ಕಾಂಡದಿಂದಲೇ ಊರುಗೋಲಿನಂಥ ಬೇರುಗಳನ್ನು ಇಳಿಬಿಟ್ಟು ನಿಲ್ಲುತ್ತದೆ. ಗೇರು, ಮಾವಿನ ಕುಟುಂಬಕ್ಕೆ ಸೇರಿದ, ವಿಜ್ಞಾನಕ್ಕೆ ಹೊಸದಾದ ಒಂದು ಮರ 2000ದಲ್ಲಿ ಇದೇ ಜಡ್ಡಿಯಲ್ಲಿ ಪತ್ತೆಯಾಯಿತು. ಅದರ ವೈಜ್ಞಾನಿಕ ಹೆಸರಾದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್‌ನಲ್ಲಿ ಊರಿನ ಹೆಸರೇ ಸೇರಿಕೊಂಡಿದೆ.

ಈ ಮರಗಳು ಬೇರೆಡೆಗೆ ಹೋಗಿ ಬದುಕಲಾರವು. ರಾಮಪತ್ರೆ ಕುಟುಂಬದ ಬೀಜ ದಪ್ಪ, ಹಸಿ, ಒಣಗಿತೆಂದರೆ ಸತ್ತಿತು. ಹಾಗಾಗಿ ವರ್ಷಗಟ್ಟಲೆ ಕೂಡಿಡಲೂ ಬಾರದು. ಕೆಂಪು ಪತ್ರೆಯ ಆಸೆಗೆ ಮಂಗಟ್ಟೆಯಂಥ ದೊಡ್ಡ ಹಕ್ಕಿ ಅದನ್ನು ನುಂಗಿ ಸ್ವಲ್ಪ ದೂರ ಒಯ್ದರೂ, ಬಿದ್ದ ಜಾಗದಲ್ಲಿ ನೆರಳೂ ತೇವವೂ ಇರಲೇಬೇಕು. ಒಂದು ಜಡ್ಡಿ ಹೋದರೆ ಪಕ್ಕದ ಗುಡ್ಡದಲ್ಲಿ ಸಸಿ ನೆಟ್ಟು ಆ ನಷ್ಟ ತುಂಬಿಸಲಾಗದು.

ಬೇಸಿಗೆಯಲ್ಲೂ ನೀರಿರುವ ತಗ್ಗು ಗದ್ದೆಗೂ ಅಡಿಕೆ ತೋಟಕ್ಕೂ ಹೇಳಿಮಾಡಿಸಿದ ಜಾಗ. ಎಷ್ಟೋ ಜಡ್ಡಿಗಳು ತಲೆಮಾರುಗಳ ಹಿಂದೆಯೇ ಹಾಗೆ ತೋಟಗಳಾದವು. ಬೆಳೆಗಾರನನ್ನು ಮಾತ್ರ ದೂರುವುದು ಸರಿಯಲ್ಲ. ರಸ್ತೆ, ಕಾಲುವೆ, ಅಣೆಕಟ್ಟು ಎಲ್ಲವೂ ಪಾಲು ತೆಗೆದುಕೊಂಡಿವೆ. ಮರ ಕಡಿಯದೆಯೂ ಜಡ್ಡಿ ಸಾಯುತ್ತದೆ. ಮೇಲಿನ ಹಳ್ಳವನ್ನು ತಿರುಗಿಸಿದರೆ ಸಾಕು, ಕೆಸರು ಗಟ್ಟಿಯಾಗಿ ಮೊಣಕಾಲು ಬೇರುಗಳು ಒಣನೆಲದಲ್ಲಿ ನಿಲ್ಲುತ್ತವೆ. ದೊಡ್ಡ ಮರಗಳು ಇನ್ನೂ ಹಸಿರಾಗಿದ್ದರೂ ಅವುಗಳ ಕೆಳಗೆ ಸಸಿಗಳಿರುವುದಿಲ್ಲ. ಆ ಕಾಡಿಗೆ ಮುಂದಿನ ಪೀಳಿಗೆ ಇಲ್ಲ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಇಷ್ಟಾದರೂ ಹಾಟ್‌ಸ್ಪಾಟ್ ಎಂಬ ಪಟ್ಟಕ್ಕೆ ಕಾನೂನಿನ ಬಲವಿಲ್ಲ. ಅದು ವಿಜ್ಞಾನಿಗಳು ತಯಾರಿಸಿದ ಆದ್ಯತೆಯ ಪಟ್ಟಿ. ಒಂದು ಮರವನ್ನೂ ಕಡಿಯದಂತೆ ತಡೆಯುವ ಅಧಿಕಾರ ಅದಕ್ಕಿಲ್ಲ. ರಕ್ಷಣೆ ಬರುವುದು ವನ್ಯಜೀವಿ ಮತ್ತು ಅರಣ್ಯ ಕಾಯ್ದೆಗಳಿಂದ. ಕತ್ತಲೆಕಾನಿನ ಸುತ್ತಲಿನ ಕಾಡು 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲಾಯಿತು, 2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿತು. ಆ ಅಭಯಾರಣ್ಯದೊಳಗೇ ಈಗ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಯ ಪ್ರಸ್ತಾವವಿದೆ. ತಳಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವೆ ಸುರಂಗ ಕೊರೆದು ನೀರನ್ನು ಮೇಲೆತ್ತಿ ಮತ್ತೆ ಬಿಡುವ ಯೋಜನೆಯಿದು. ವಿದ್ಯುತ್ ಬೇಕೆಂಬುದು ನಿಜವೇ. ಆದರೆ ಇಂಥ ಯೋಜನೆಗಳಲ್ಲಿ ಎಷ್ಟು ಹೆಕ್ಟೇರ್ ಕಾಡು ಹೋಗುತ್ತದೆ ಎಂಬುದನ್ನಷ್ಟೇ ಎಣಿಸಿದರೆ ಸಾಲದು. ಆ ಹೆಕ್ಟೇರುಗಳಲ್ಲಿ ಹರಿಯುವ ಹಳ್ಳ ಯಾವ ಜಡ್ಡಿಗೆ ನೀರುಣಿಸುತ್ತದೆ ಎಂಬುದನ್ನು ಅಪ್ಪಣೆ ಕೊಡುವವರು ಮೊದಲು ಸ್ಥಳಕ್ಕೆ ಹೋಗಿ ನೋಡಬೇಕು.