ದೊಡ್ಡ ‘ಓ’ ಹೇಳುವ ಲೆಕ್ಕ

ಕೆಲಸ ಇಮ್ಮಡಿಯಾದರೆ ಅದಕ್ಕೆ ಹಿಡಿಯುವ ಕಾಲವೂ ಇಮ್ಮಡಿಯಾಗುತ್ತದೆ ಎಂಬುದು ನಮ್ಮೆಲ್ಲರ ಸಾಮಾನ್ಯ ತಿಳಿವಳಿಕೆ. ಒಂದು ಸೇರು ಅವರೆಕಾಯಿ ಸುಲಿಯಲು ಕಾಲು ಗಂಟೆ ಬೇಕಾದರೆ ಎರಡು ಸೇರಿಗೆ ಅರ್ಧ ಗಂಟೆ ಬೇಕು. ಆದರೆ ಎಲ್ಲ ಕೆಲಸಗಳೂ ಹೀಗೆ ಬೆಳೆಯುವುದಿಲ್ಲ. ಸಭೆಯೊಂದಕ್ಕೆ ಬಂದ ಹತ್ತು ಮಂದಿ ಪ್ರತಿಯೊಬ್ಬರೂ ಉಳಿದ ಎಲ್ಲರ ಕೈಕುಲುಕಿದರೆ ಒಟ್ಟು 45 ಕೈಕುಲುಕುಗಳಾಗುತ್ತವೆ. ಇಪ್ಪತ್ತು ಮಂದಿ ಬಂದರೆ ಅದು 90 ಆಗುವುದಿಲ್ಲ; 190 ಆಗುತ್ತದೆ. ಬಂದವರು ಇಮ್ಮಡಿಯಾದರು, ಕೈಕುಲುಕುಗಳು ನಾಲ್ಕು ಮಡಿಗೂ ಮಿಕ್ಕಿದವು.

ಗಣಕಯಂತ್ರಕ್ಕೆ ನಾವು ಬರೆದುಕೊಡುವ ಕ್ರಮವಿಧಿ, ಅಂದರೆ ಪ್ರೋಗ್ರಾಂ, ಈ ಎರಡು ಬಗೆಗಳಲ್ಲಿ ಯಾವುದಕ್ಕೆ ಸೇರಿದ್ದು? ಅದಕ್ಕೆ ಒದಗಿಸುವ ಮಾಹಿತಿ ಹೆಚ್ಚಿದಂತೆ ಅದು ಅವರೆಕಾಯಿಯಂತೆ ಬೆಳೆಯುವುದೋ, ಕೈಕುಲುಕಿನಂತೆ ಬೆಳೆಯುವುದೋ? ಈ ಪ್ರಶ್ನೆಗೆ ಚಿಕ್ಕದಾಗಿ ಉತ್ತರ ಹೇಳುವ ಗಣಿತದ ಸಂಕೇತವೇ ‘ದೊಡ್ಡ ಓ’. ಜರ್ಮನಿಯ ಗಣಿತಜ್ಞ ಪಾಲ್ ಬಾಖ್‌ಮನ್ 1894ರಲ್ಲಿ ಸಂಖ್ಯಾಸಿದ್ಧಾಂತದ ಗ್ರಂಥವೊಂದರಲ್ಲಿ ಇದನ್ನು ಬಳಸಿದನು. ಮುಂದೆ ಎಡ್ಮಂಡ್ ಲಾಂಡೌ ಎಂಬಾತನ ಬರಹಗಳಿಂದ ಇದು ಪ್ರಚಾರಕ್ಕೆ ಬಂದಿತು. ಗಣಕಶಾಸ್ತ್ರದಲ್ಲಿ ಇದರ ಬಳಕೆಯನ್ನು ಖಚಿತಗೊಳಿಸಿದವರಲ್ಲಿ ಅಮೆರಿಕದ ಡೊನಾಲ್ಡ್ ಕ್ನೂತ್ ಮುಖ್ಯರು. 1976ರಲ್ಲಿ ಅವರು ಈ ಕುರಿತೇ ಒಂದು ಲೇಖನ ಬರೆದರು.

ಒಂದು ಸರಳವಾದ ಕೆಲಸವನ್ನು ತೆಗೆದುಕೊಳ್ಳೋಣ. ಸಂಖ್ಯೆಗಳ ಪಟ್ಟಿಯೊಂದು ನಮ್ಮ ಮುಂದಿದೆ. ಅದರಲ್ಲಿ ಯಾವುದಾದರೂ ಸಂಖ್ಯೆ ಎರಡು ಸಲ ಬಂದಿದೆಯೆ ಎಂಬುದನ್ನು ಕಂಡುಹಿಡಿಯಬೇಕು. ಪಟ್ಟಿ ಹೀಗಿರಲಿ: 42, 17, 63, 25, 58, 17, 31, 49.

ಯಾರಿಗಾದರೂ ಮೊದಲು ಹೊಳೆಯುವ ಉಪಾಯ ಇದು: ಪಟ್ಟಿಯ ಒಂದೊಂದೇ ಸಂಖ್ಯೆಯನ್ನು ತೆಗೆದುಕೊಂಡು, ಅದರ ಹಿಂದೆ ಬಂದ ಎಲ್ಲ ಸಂಖ್ಯೆಗಳೊಡನೆ ಹೋಲಿಸಿ ನೋಡುವುದು. ಎರಡನೆಯ ಸಂಖ್ಯೆಗೆ ಒಂದು ಹೋಲಿಕೆ, ಮೂರನೆಯದಕ್ಕೆ ಎರಡು, ನಾಲ್ಕನೆಯದಕ್ಕೆ ಮೂರು. ಮೇಲಿನ ಪಟ್ಟಿಯಲ್ಲಿ 17 ಮತ್ತೆ ಬಂದಿರುವುದು ಹನ್ನೆರಡನೆಯ ಹೋಲಿಕೆಯಲ್ಲಿ ಬಯಲಾಗುತ್ತದೆ. ಆದರೆ ಕ್ರಮವಿಧಿಯನ್ನು ಅಳೆಯುವಾಗ ಇಂಥ ಅದೃಷ್ಟವನ್ನು ನಂಬಲಾಗದು. ಯಾವ ಸಂಖ್ಯೆಯೂ ಮರುಕಳಿಸದಿದ್ದರೆ ಎಲ್ಲ ಹೋಲಿಕೆಗಳನ್ನೂ ಮುಗಿಸಲೇಬೇಕು. ಆಗ ಎಂಟು ಸಂಖ್ಯೆಗಳಿಗೆ 1+2+3+4+5+6+7, ಎಂದರೆ 28 ಹೋಲಿಕೆಗಳು. ಇದು ಕೈಕುಲುಕುವ ಲೆಕ್ಕವೇ. ಸಂಖ್ಯೆಗಳು n ಇದ್ದರೆ ಹೋಲಿಕೆಗಳು n(n − 1)/2.

ಈ ಸೂತ್ರವನ್ನು ಬಿಡಿಸಿದರೆ n²/2 − n/2 ಎಂದಾಗುತ್ತದೆ. n ಸಾವಿರವಾಗಿದ್ದಾಗ ಮೊದಲನೆಯ ಭಾಗ 5,00,000. ಕಳೆಯುವ ಭಾಗ ಬರಿಯ 500. ಪಟ್ಟಿ ಇನ್ನೂ ದೊಡ್ಡದಾದರೆ ಈ ಎರಡನೆಯ ಭಾಗ ಲೆಕ್ಕಕ್ಕೇ ಬಾರದಷ್ಟು ಅಲ್ಪವಾಗುತ್ತದೆ. ಆದುದರಿಂದ ಅದನ್ನು ಬಿಟ್ಟುಬಿಡುತ್ತೇವೆ. ಉಳಿದುದರಲ್ಲಿ ‘ಅರ್ಧ’ ಎಂಬ ಗುಣಕವನ್ನೂ ಬಿಡುತ್ತೇವೆ. ಏಕೆಂದರೆ ಯಂತ್ರ ಎರಡರಷ್ಟು ಚುರುಕಾದರೆ ಕಾಲ ಅರ್ಧವಾಗುತ್ತದೆ, ನಿಧಾನವಾದರೆ ಹೆಚ್ಚುತ್ತದೆ; ಆದರೆ ಪಟ್ಟಿ ಇಮ್ಮಡಿಯಾದಾಗ ಕಾಲ ನಾಲ್ಕು ಮಡಿಯಾಗುವುದು ಯಾವ ಯಂತ್ರದಲ್ಲಿಯೂ ತಪ್ಪುವುದಿಲ್ಲ. ಆ ತಪ್ಪದ ನಿಯಮವನ್ನು ಮಾತ್ರ ಉಳಿಸಿಕೊಂಡು O(n²) ಎಂದು ಬರೆಯುತ್ತೇವೆ. n ದೊಡ್ಡದಾಗುತ್ತ ಹೋದಂತೆ, ಹೆಜ್ಜೆಗಳ ಸಂಖ್ಯೆ n²ದ ಯಾವುದೋ ಒಂದು ನಿಶ್ಚಿತ ಮಡಿಯನ್ನು ಮೀರುವುದಿಲ್ಲ ಎಂಬುದೇ ಇದರ ಅರ್ಥ. ಇದು ಕಾಲವನ್ನು ಸೆಕೆಂಡುಗಳಲ್ಲಿ ಹೇಳುವುದಿಲ್ಲ, ಕಾಲವು ಬೆಳೆಯುವ ರೀತಿಗೆ ಒಂದು ಮೇರೆಯನ್ನು ಹೇಳುತ್ತದೆ.

ಇನ್ನೊಂದು ಉಪಾಯವೂ ಉಂಟು. ಸಂಖ್ಯೆಗಳನ್ನು ಮೊದಲು ಏರಿಕೆಯ ಕ್ರಮದಲ್ಲಿ ಜೋಡಿಸಿಕೊಂಡರೆ ಒಂದೇ ಬಗೆಯವು ಅಕ್ಕಪಕ್ಕದಲ್ಲಿ ಬಂದು ನಿಲ್ಲುತ್ತವೆ. ಆಮೇಲೆ ನೆರೆಯ ಸಂಖ್ಯೆಗಳನ್ನು ಮಾತ್ರ ಹೋಲಿಸಿದರೆ ಸಾಕು. ಜೋಡಿಸುವ ಕೆಲಸವನ್ನು ಹೀಗೆ ಮಾಡಬಹುದು. ಮೊದಲನೆಯ ಸುತ್ತಿನಲ್ಲಿ ಎರಡೆರಡು ಸಂಖ್ಯೆಗಳನ್ನು ಸರಿಪಡಿಸೋಣ: 17, 42, 25, 63, 17, 58, 31, 49. ಎರಡನೆಯ ಸುತ್ತಿನಲ್ಲಿ ಎರಡೆರಡು ಗುಂಪುಗಳನ್ನು ಬೆಸೆಯೋಣ: 17, 25, 42, 63 ಒಂದು ಗುಂಪು; 17, 31, 49, 58 ಮತ್ತೊಂದು. ಬೆಸೆಯುವಾಗ ಎರಡು ಗುಂಪುಗಳ ತಲೆಯಲ್ಲಿರುವ ಸಂಖ್ಯೆಗಳನ್ನಷ್ಟೇ ನೋಡಿ, ಚಿಕ್ಕದನ್ನು ಎತ್ತಿಡುತ್ತ ಹೋಗಬೇಕು. ಮೂರನೆಯ ಸುತ್ತಿನಲ್ಲಿ ಪಟ್ಟಿ ಪೂರ್ಣವಾಗಿ ಕ್ರಮಗೊಳ್ಳುತ್ತದೆ: 17, 17, 25, 31, 42, 49, 58, 63. ಎರಡು 17ಗಳು ಈಗ ಜೊತೆಯಲ್ಲಿಯೇ ನಿಂತಿವೆ.

ಪ್ರತಿ ಸುತ್ತಿನಲ್ಲಿಯೂ ಎಂಟು ಸಂಖ್ಯೆಗಳನ್ನು ಎತ್ತಿಟ್ಟಿದ್ದೇವೆ. ಒಂದನ್ನು ಎತ್ತಿಡುವುದು ಒಂದು ಹೆಜ್ಜೆ ಎಂದುಕೊಂಡರೆ ಮೂರು ಸುತ್ತುಗಳಿಗೆ 24 ಹೆಜ್ಜೆಗಳು, ನೆರೆಯವನ್ನು ಹೋಲಿಸಲು ಏಳು, ಒಟ್ಟು 31. ಮೊದಲನೆಯ ಉಪಾಯಕ್ಕೆ ಬೇಕಾದದ್ದು ಹೆಚ್ಚೆಂದರೆ 28! ಹಾಗಾದರೆ ಇಷ್ಟೆಲ್ಲ ಶ್ರಮಪಟ್ಟು ನಾವು ನಷ್ಟವನ್ನೇ ಪಡೆದೆವೆ? ಎಂಟು ಸಂಖ್ಯೆಗಳ ಮಟ್ಟಿಗೆ ಹೌದು. ಆದರೆ ಪಟ್ಟಿ ಇಮ್ಮಡಿಯಾದಾಗಲೆಲ್ಲ ಈ ವಿಧಾನಕ್ಕೆ ಹೆಚ್ಚಾಗುವುದು ಒಂದೇ ಒಂದು ಸುತ್ತು ಎಂಬುದನ್ನು ಗಮನಿಸಬೇಕು. ಎಂಟಕ್ಕೆ ಮೂರು ಸುತ್ತು, ಹದಿನಾರಕ್ಕೆ ನಾಲ್ಕು, ಸಾವಿರಕ್ಕೆ ಹತ್ತು, ಹತ್ತು ಲಕ್ಷಕ್ಕೆ ಇಪ್ಪತ್ತು. ಸುತ್ತುಗಳ ಈ ಸಂಖ್ಯೆಗೆ ಗಣಿತದಲ್ಲಿ ಲಘುಗಣಕ ಎಂದು ಹೆಸರು. ಅದನ್ನು log n ಎಂದು ಬರೆಯುತ್ತಾರೆ. ಆದುದರಿಂದ ಎರಡನೆಯ ಉಪಾಯದ ಬೆಳವಣಿಗೆ O(n log n).

ಈಗ ಎರಡನ್ನೂ ಪಂದ್ಯಕ್ಕೆ ಬಿಡೋಣ. ಯಂತ್ರವೊಂದು ಸೆಕೆಂಡಿಗೆ ಒಂದು ಕೋಟಿ ಹೆಜ್ಜೆಗಳನ್ನು ಇಡುತ್ತದೆಂದು ಭಾವಿಸೋಣ. ಸಾವಿರ ಸಂಖ್ಯೆಗಳಿಗೆ ಮೊದಲನೆಯ ಉಪಾಯ ಸುಮಾರು ಐದು ಲಕ್ಷ ಹೆಜ್ಜೆಗಳನ್ನು ಬೇಡುತ್ತದೆ. ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ಸಾಕು. ಎರಡನೆಯದು ಸುಮಾರು ಹನ್ನೊಂದು ಸಾವಿರ ಹೆಜ್ಜೆಗಳಲ್ಲಿ ಮುಗಿಯುತ್ತದೆ. ನೋಡುವವರಿಗೆ ಎರಡೂ ಕ್ಷಣಮಾತ್ರದ ಕೆಲಸವೇ. ಪಟ್ಟಿಯನ್ನು ಹತ್ತು ಲಕ್ಷಕ್ಕೆ ಏರಿಸಿದರೆ ಎರಡನೆಯ ಉಪಾಯಕ್ಕೆ ಎರಡು ಸೆಕೆಂಡಿಗಿಂತ ತುಸು ಹೆಚ್ಚು ಕಾಲ ಬೇಕು. ಮೊದಲನೆಯದಕ್ಕೆ ಸುಮಾರು ಹದಿನಾಲ್ಕು ಗಂಟೆ ಬೇಕು. ಹತ್ತರಷ್ಟು ಚುರುಕಾದ ಯಂತ್ರವನ್ನು ಕೊಂಡು ತಂದರೂ ಮೊದಲನೆಯ ಉಪಾಯ ಒಂದು ಗಂಟೆ ಇಪ್ಪತ್ತಮೂರು ನಿಮಿಷಗಳನ್ನು ನುಂಗುತ್ತದೆ. ಹಳೆಯ ಯಂತ್ರದಲ್ಲಿ ನಡೆಯುವ ಎರಡನೆಯ ಉಪಾಯವೇ ಗೆಲ್ಲುತ್ತದೆ.

ಇದು ಕೇವಲ ಕಾಗದದ ಮೇಲಿನ ಲೆಕ್ಕವಲ್ಲ. ‘ಗ್ರ್ಯಾಂಡ್ ಥೆಫ್ಟ್ ಆಟೋ ಆನ್‌ಲೈನ್’ ಎಂಬ ಗಣಕದ ಆಟ 2013ರಲ್ಲಿ ಬಿಡುಗಡೆಯಾಯಿತು. ಆಟ ತೆರೆದುಕೊಳ್ಳಲು ನಿಮಿಷಗಟ್ಟಲೆ ಕಾಯಬೇಕಾಗುತ್ತಿದ್ದುದು ಆಟಗಾರರ ಬಹುಕಾಲದ ದೂರಾಗಿತ್ತು. ಕಂಪನಿಗೆ ಸೇರದ ಒಬ್ಬ ತಜ್ಞ 2021ರಲ್ಲಿ ಇದರ ಕಾರಣವನ್ನು ಹುಡುಕಿ ತೆಗೆದನು. ಆಟದಲ್ಲಿ ಕೊಳ್ಳಬಹುದಾದ ವಸ್ತುಗಳ ಪಟ್ಟಿಯೊಂದಿತ್ತು; ಅದರಲ್ಲಿ ಸುಮಾರು 63,000 ನಮೂದುಗಳಿದ್ದವು. ಪ್ರತಿಯೊಂದನ್ನು ಸೇರಿಸುವ ಮೊದಲು, ಅದು ಹಿಂದೆಯೇ ಬಂದಿದೆಯೆ ಎಂದು ಸೇರಿದ್ದ ಎಲ್ಲವುಗಳೊಡನೆ ಹೋಲಿಸಲಾಗುತ್ತಿತ್ತು. ನಮ್ಮ ಮೊದಲನೆಯ ಉಪಾಯವೇ ಇದು. 63,000 ನಮೂದುಗಳಿಗೆ ಹೋಲಿಕೆಗಳು ಸುಮಾರು 198 ಕೋಟಿ. ಸಾಲದುದಕ್ಕೆ, ಆ ಪಟ್ಟಿಯ ಪಠ್ಯವನ್ನು ಓದುವ ಭಾಗದಲ್ಲಿಯೂ ಇಂಥದೇ ದೋಷವಿತ್ತು: ಒಂದು ಮೌಲ್ಯವನ್ನು ಓದಿದಾಗಲೆಲ್ಲ ಉಳಿದ ಪಠ್ಯದ ಉದ್ದವನ್ನು ಕೊನೆಯವರೆಗೆ ಅಳೆಯಲಾಗುತ್ತಿತ್ತು. ಪುಸ್ತಕದ ಒಂದೊಂದು ಪದಕ್ಕೂ ಉಳಿದ ಅಕ್ಷರಗಳನ್ನೆಲ್ಲ ಎಣಿಸುತ್ತ ಓದಿದಂತೆ! ಈ ಎರಡನ್ನೂ ತಿದ್ದಿದಾಗ ಅವನ ಯಂತ್ರದಲ್ಲಿ ಆರು ನಿಮಿಷಗಳ ಕಾಯುವಿಕೆ ಎರಡು ನಿಮಿಷದೊಳಕ್ಕೆ ಇಳಿಯಿತು. ಅದೇ ವರ್ಷದ ಮಾರ್ಚ್‌ನಲ್ಲಿ ಕಂಪನಿಯೂ ತಿದ್ದುಪಡಿಯನ್ನು ಹೊರತಂದಿತು.

ಇಂಥ ದೋಷ ಬೇಗನೆ ಕಣ್ಣಿಗೆ ಬೀಳದಿರುವುದಕ್ಕೆ ಕಾರಣವನ್ನು ಮೇಲಿನ ಪಂದ್ಯದಲ್ಲಿಯೇ ಕಂಡಿದ್ದೇವೆ. ಕ್ರಮವಿಧಿಯನ್ನು ಬರೆದವರು ಚಿಕ್ಕ ಪಟ್ಟಿಯನ್ನು ಕೊಟ್ಟು ಪರೀಕ್ಷಿಸಿದರೆ ಎಲ್ಲವೂ ಸರಾಗವಾಗಿ ನಡೆಯುತ್ತದೆ. ಉತ್ತರವೂ ಸರಿಯಾಗಿಯೇ ಬರುತ್ತದೆ. ಪಟ್ಟಿ ಬೆಳೆದ ಮೇಲೆ ಮಾತ್ರ ದೋಷ ತಲೆಯೆತ್ತುತ್ತದೆ. ಅದನ್ನು ಮುಂಚಿತವಾಗಿ ಕಂಡುಕೊಳ್ಳುವ ಸುಲಭದ ಪರೀಕ್ಷೆಯೊಂದಿದೆ. ಮಾಹಿತಿಯನ್ನು ಇಮ್ಮಡಿ ಮಾಡುತ್ತ ಮೂರು ನಾಲ್ಕು ಸಲ ಕಾಲವನ್ನು ಅಳೆಯಬೇಕು. ಕಾಲ 2, 4, 8 ಸೆಕೆಂಡುಗಳೆಂದು ಏರಿದರೆ ಅದು ಅವರೆಕಾಯಿಯ ಬೆಳವಣಿಗೆ, O(n). 2, 8, 32 ಎಂದು ಏರಿದರೆ ಅದು ಕೈಕುಲುಕಿನ ಬೆಳವಣಿಗೆ, O(n²). n log n ಆದರೆ ಪ್ರತಿ ಸಲವೂ ಎರಡು ಮಡಿಗಿಂತ ತುಸು ಹೆಚ್ಚಾಗುತ್ತದೆ. ಆದರೆ ತೀರ ಚಿಕ್ಕ ಪಟ್ಟಿಗಳಿಂದ ಇದನ್ನು ತೀರ್ಮಾನಿಸಬಾರದು. ಅಲ್ಲಿ ಕ್ರಮವಿಧಿಯನ್ನು ಆರಂಭಿಸಲು ಹಿಡಿಯುವ ಕಾಲವೇ ಉಳಿದುದನ್ನು ಮರೆಮಾಡಿಬಿಡುತ್ತದೆ.

ಹಾಗೆಂದು O(n²) ಎಂದ ಕೂಡಲೆ ಅದನ್ನು ತಿರಸ್ಕರಿಸಬೇಕಾಗಿಲ್ಲ. ಎಂಟು ಸಂಖ್ಯೆಗಳಿದ್ದಾಗ ಗೆದ್ದುದು ಆ ಉಪಾಯವೇ ಅಲ್ಲವೆ? ಪೈಥಾನ್ ಮೊದಲಾದ ಗಣಕಭಾಷೆಗಳಲ್ಲಿ ಪಟ್ಟಿಯನ್ನು ಕ್ರಮಗೊಳಿಸುವ ಸಿದ್ಧ ಕ್ರಮವಿಧಿಗಳು ಸಹ ಚಿಕ್ಕ ತುಂಡುಗಳನ್ನು n² ಬಗೆಯ ಸರಳ ವಿಧಾನದಿಂದಲೇ ಜೋಡಿಸಿ, ದೊಡ್ಡ ತುಂಡುಗಳನ್ನು ಬೆಸೆಯುವಾಗ ಎರಡನೆಯ ಮಾರ್ಗವನ್ನು ಹಿಡಿಯುತ್ತವೆ. ನಾವು ಕೈಬಿಟ್ಟ ಗುಣಕಗಳು ಚಿಕ್ಕ ಪಟ್ಟಿಗಳಲ್ಲಿ ಮರಳಿ ಬಂದು ತಮ್ಮ ಪಾಲನ್ನು ಕೇಳುತ್ತವೆ. ಇಂದಿನ ಪಟ್ಟಿಗೆ ಎಷ್ಟು ಸೆಕೆಂಡು ಬೇಕೆಂಬುದನ್ನು ದೊಡ್ಡ ‘ಓ’ ಹೇಳಲಾರದು. ಅದನ್ನು ಗಡಿಯಾರ ಹೇಳುತ್ತದೆ. ನಾಳೆ ಪಟ್ಟಿ ನೂರು ಮಡಿಯಾದರೆ ಕಾಲವು ನೂರು ಮಡಿಯಾದೀತೋ, ಹತ್ತು ಸಾವಿರ ಮಡಿಯಾದೀತೋ ಎಂಬುದನ್ನು ಗಡಿಯಾರ ಹೇಳಲಾರದು. ಅದನ್ನು ದೊಡ್ಡ ‘ಓ’ ಹೇಳುತ್ತದೆ.