ನಿಮಗಿದು ಗೊತ್ತೆ? ಲೋಹಕ್ಕೊಂದು ಇಕ್ಕುಳ

ದೇಹ ಸೇರಿದ ವಿಷಲೋಹವನ್ನು ಏಡಿಯ ಇಕ್ಕುಳದಂತೆ ಕಚ್ಚಿ ಹಿಡಿದು, ಬಹುಮಟ್ಟಿಗೆ ಮೂತ್ರದ ಮೂಲಕ ಹೊರಹಾಕುವ ಔಷಧಗಳಿಗೆ ‘ಕೀಲೇಟರ್’ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ‘ಕೀಲೆ’ ಎಂದರೆ ಏಡಿಯ ಇಕ್ಕುಳವೇ.

ಆರ್ಸೆನಿಕ್: ಇದಕ್ಕೆ ಡೈಮರ್ಕ್ಯಾಪ್ರಾಲ್. ಎರಡನೇ ಮಹಾಯುದ್ಧದ ಕಾಲದಲ್ಲಿ ಲೆವಿಸೈಟ್ ಎಂಬ ಆರ್ಸೆನಿಕ್‌ಯುಕ್ತ ರಾಸಾಯನಿಕ ಅಸ್ತ್ರಕ್ಕೆ ಪ್ರತಿವಿಷವಾಗಿ ಆಕ್ಸ್‌ಫರ್ಡ್‌ನಲ್ಲಿ ರೂಪುಗೊಂಡಿತು. ಅಣುವಿನಲ್ಲಿರುವ ಎರಡು ಗಂಧಕದ ತುದಿಗಳು ಆರ್ಸೆನಿಕ್ಕನ್ನು ಹಿಡಿಯುತ್ತವೆ. ಕಡಲೆಕಾಯಿ ಎಣ್ಣೆಯಲ್ಲಿ ಬೆರೆಸಿದ ಈ ಔಷಧವನ್ನು ಸ್ನಾಯುವಿಗೆ ಚುಚ್ಚುತ್ತಾರೆ.

ಸೀಸ: ಇದಕ್ಕೆ ಕ್ಯಾಲ್ಸಿಯಂ ಇಡಿಟಿಎ. ಔಷಧವು ಕ್ಯಾಲ್ಸಿಯಂ ಬಿಟ್ಟುಕೊಟ್ಟು ಸೀಸವನ್ನು ಹಿಡಿಯುತ್ತದೆ. ಹೆಸರಿನಲ್ಲಿ ಹತ್ತಿರವಿರುವ ಡೈಸೋಡಿಯಂ ಇಡಿಟಿಎಯನ್ನು ತಪ್ಪಿ ಕೊಟ್ಟರೆ ಅದು ರಕ್ತದ ಕ್ಯಾಲ್ಸಿಯಂ ಅನ್ನೇ ಸೆಳೆದು ಪ್ರಾಣಕ್ಕೆ ಎರವಾಗಬಹುದು. ಸೀಸ ಮಿದುಳಿಗೆ ಏರಿದ್ದರೆ ಮೊದಲು ಡೈಮರ್ಕ್ಯಾಪ್ರಾಲ್ ಕೊಟ್ಟು, 4 ಗಂಟೆಗಳ ಬಳಿಕ ಕ್ಯಾಲ್ಸಿಯಂ ಇಡಿಟಿಎಯನ್ನು ಆರಂಭಿಸುತ್ತಾರೆ.

ಕಬ್ಬಿಣ: ತಾಯಿಯ ಕಬ್ಬಿಣದ ಮಾತ್ರೆಗಳನ್ನು ಮಗು ನುಂಗಿ ವಿಷವೇರಿದರೆ ಡೆಸ್ಫೆರಿಯಾಕ್ಸಮೈನ್ ಬೇಕು. ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾದಿಂದ ಸಿಗುವ ಇದರ 100 ಮಿಲಿಗ್ರಾಂ ಸುಮಾರು 8.5 ಮಿಲಿಗ್ರಾಂ ಕಬ್ಬಿಣವನ್ನು ಹಿಡಿಯಬಲ್ಲದು. ಮೂತ್ರ ಕೆಂಪು ಛಾಯೆಗೆ ತಿರುಗಿದರೆ ಕಬ್ಬಿಣ ಹೊರಬೀಳುತ್ತಿದೆ ಎಂದರ್ಥ.

ಅದಲುಬದಲು ಸಲ್ಲದು: ಕಬ್ಬಿಣಕ್ಕೆ ಡೈಮರ್ಕ್ಯಾಪ್ರಾಲ್ ಕೊಟ್ಟರೆ ಮೂತ್ರಪಿಂಡಕ್ಕೆ ಹಾನಿ ಮಾಡುವ ಸಂಯುಕ್ತ ಉಂಟಾಗುತ್ತದೆ.